ನಿಜವಾದರೂ ಕೆಲಸವಿಲ್ಲದ ಎಚ್ಚರಿಕೆ: ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯ ಮಳೆಗಾಲದ ಕುರಿತು ಒಂದು ಟಿಪ್ಪಣಿ

ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಜೂನ್ ಕೊನೆಯ ಒಂದು ಸಂಜೆ. ಟ್ರಾಲ್ ಬೋಟುಗಳೆಲ್ಲ ಶರಾವತಿಯ ಅಳಿವೆಯೊಳಗೆ ಹಗ್ಗ ಬಿಗಿದು ಸಾಲಾಗಿ ನಿಂತಿದ್ದವು. ಕೆಲವಕ್ಕೆ ತಾಡಪಾಲು ಹೊದೆಸಿತ್ತು. ಧಕ್ಕೆಯ ಹಿಂದಿನ ಶೆಡ್ಡಿನಲ್ಲಿ ಬಲೆ ರಿಪೇರಿಗೆ ಕೂತಿದ್ದ ತಂಡೇಲರೊಬ್ಬರ ಫೋನು ಸದ್ದು ಮಾಡಿತು. ಅವರು ತೆಗೆದು ನೋಡಲಿಲ್ಲ. ಎರಡನೇ ಸಲ ಸದ್ದಾದಾಗಲೂ ಕೈ ಬಲೆಯ ಕಣ್ಣಿನಲ್ಲೇ ಇತ್ತು. ನೋಡಬಾರದೇ ಎಂದು ನಾನು ಕೇಳಿದ್ದಕ್ಕೆ ನಕ್ಕು ಅಂದರು: "ಮಾಸ್ತ್ರೇ, ಬೋಟು ಕಟ್ಟಿ ಇಟ್ಟು ತಿಂಗ್ಳಾಗ್ತಾ ಬಂತು. ಕಡ್ಲಿಗೆ ಹೋಗ್ಬೇಡ ಅಂತ ದಿನಾ ಹೇಳಿದ್ರೆ ನಾ ಎಂತ ಮಾಡೂದು?"

ಆಮೇಲೆ ಫೋನನ್ನು ನನ್ನ ಕೈಗೇ ಕೊಟ್ಟರು. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದ ಬಿರುಗಾಳಿ, ಆಗಾಗ 65ರವರೆಗೆ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು ಎಂದಿತ್ತು. ಅದರ ಮೇಲಿನದೂ ಅದೇ, ಅದರ ಮೇಲಿನದೂ ಅದೇ. ಯಾವುದೂ ಸುಳ್ಳಲ್ಲ. ಹೊರಗೆ ಗಾಳಿ ನಿಜವಾಗಿಯೂ ಹಾಗೇ ಬೀಸುತ್ತಿತ್ತು, ತೆಂಗಿನ ಮರಗಳು ಬಾಗಿ ಏಳುತ್ತಿದ್ದವು.

ಈ ಟಿಪ್ಪಣಿ ಹುಟ್ಟಿದ್ದು ಆ ಪ್ರಶ್ನೆಯಿಂದ. ಎಚ್ಚರಿಕೆ ಕೇಳಿ ಕೇಳಿ ಜನ ಕಿವಿ ಮುಚ್ಚಿಕೊಳ್ಳುವುದನ್ನು 'ಎಚ್ಚರಿಕೆಯ ದಣಿವು' ಎನ್ನೋಣ. ಅದರ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವುದು ತೋಳ ಬಂತು ತೋಳ ಎಂದು ಕೂಗಿದ ಕುರಿ ಕಾಯುವ ಹುಡುಗ. ಆ ಹೋಲಿಕೆ ಇಲ್ಲಿಗೆ ಅರ್ಧ ಮಾತ್ರ ಹೊಂದುತ್ತದೆ. ಹುಡುಗ ಮೊದಮೊದಲು ಕೂಗಿದಾಗ ತೋಳ ಬಂದಿರಲೇ ಇಲ್ಲ. ನಮ್ಮ ಕರಾವಳಿಯಲ್ಲಿ ತೋಳ ಬಂದದ್ದು ನಿಜ, ಆದರೆ ಪಕ್ಕದೂರಿಗೆ. ಇಲ್ಲವೇ ನಮ್ಮೂರಿಗೇ ಬಂದಿದೆ, ಆದರೆ ಕುರಿಗಳೆಲ್ಲ ಆಗಲೇ ಕೊಟ್ಟಿಗೆಯಲ್ಲಿವೆ.

ಸುಳ್ಳು ಎಚ್ಚರಿಕೆಯ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. ಅಮೆರಿಕದ ಸುಂಟರಗಾಳಿಗಳ ದಾಖಲೆ ಹಿಡಿದು ಕೆವಿನ್ ಸಿಮನ್ಸ್ ಮತ್ತು ಡೇನಿಯಲ್ ಸಟರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಲೇಖನ ಅವುಗಳಲ್ಲಿ ಮುಖ್ಯವಾದದ್ದು. ಸುಳ್ಳಾದ ಎಚ್ಚರಿಕೆಗಳ ಪ್ರಮಾಣ ಹೆಚ್ಚಿರುವ ಕಡೆ, ನಿಜವಾದ ಸುಂಟರಗಾಳಿ ಬಂದಾಗ ಸಾವು ನೋವು ಹೆಚ್ಚು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಆದರೆ ಅವರ ಅಳತೆಗೋಲಿನಲ್ಲಿ ಟೊಂಕದ ತಂಡೇಲರ ಫೋನಿನ ಸಂದೇಶಗಳೆಲ್ಲ 'ಸರಿಯಾದವು' ಎಂಬ ಪಟ್ಟಿಗೇ ಸೇರುತ್ತವೆ. ಗಾಳಿ ಬೀಸುತ್ತದೆ ಎಂದರು, ಬೀಸಿತು. ಎಚ್ಚರಿಕೆ ಕೊಟ್ಟವರ ಲೆಕ್ಕದ ಪುಸ್ತಕದಲ್ಲಿ ಪೂರ್ತಿ ಅಂಕ, ಪಡೆದವರ ದಿನದಲ್ಲಿ ಒಂದು ಕೆಲಸವೂ ಇಲ್ಲ.

ಈ ಎರಡನೆಯ ಬಗೆಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ಹವಾಮಾನದವರಲ್ಲ, ಕಾರ್ಖಾನೆಯವರು. ಬ್ರಿಟನ್ನಿನ ಮಿಲ್ಫರ್ಡ್ ಹೇವನ್‌ನ ತೈಲ ಸಂಸ್ಕರಣಾಗಾರದಲ್ಲಿ 1994ರ ಜುಲೈ 24ರಂದು ದೊಡ್ಡ ಸ್ಫೋಟವಾಯಿತು. ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ನಿಯಂತ್ರಣ ಕೊಠಡಿಯಲ್ಲಿದ್ದವರ ಮುಂದೆ 275 ಅಲಾರಂಗಳು ಬಂದು ಬಿದ್ದಿದ್ದವು ಎಂದು ತನಿಖೆ ಹೇಳಿತು. ಪ್ರತಿ ಅಲಾರಮ್ಮಿಗೂ ಒಂದು ಕಾರಣ ಇದ್ದಿರಬಹುದು. ಆದರೆ ಎರಡು ಮೂರು ಸೆಕೆಂಡಿಗೊಂದರಂತೆ ಸತ್ಯ ಹೇಳಿದರೂ ಅದು ಗದ್ದಲವೇ. ಆಮೇಲೆ ಬಂದ ಕಾರ್ಖಾನೆ ಮಾನದಂಡಗಳು ಅಲಾರಂ ಎಂಬ ಮಾತಿಗೇ ಬಿಗಿಯಾದ ಅರ್ಥ ಕೊಟ್ಟವು: ಪಡೆದವನು ಸಮಯ ಇರುವಾಗಲೇ ಏನಾದರೂ ಮಾಡಬೇಕಿದ್ದರೆ ಅದು ಅಲಾರಂ, ಮಾಡುವಂಥದ್ದು ಏನೂ ಇಲ್ಲದಿದ್ದರೆ ಅದು ಮಾಹಿತಿ. ಮಾಹಿತಿಗೆ ಜಾಗ ಬೋರ್ಡಿನ ಮೇಲೆ, ಪುಸ್ತಕದಲ್ಲಿ, ಬೆಳಗಿನ ವಾರ್ತೆಯಲ್ಲಿ. ಕಿವಿಯ ಪಕ್ಕದಲ್ಲಿ ಅಲ್ಲ. ಮುಂದಿನದೆಲ್ಲ ಈ ಒಂದು ವ್ಯಾಖ್ಯೆಯನ್ನು ನಮ್ಮ ಮೂರು ತಾಲೂಕುಗಳ ಮಳೆಗಾಲಕ್ಕೆ ಹಚ್ಚಿ ನೋಡುವ ಪ್ರಯತ್ನ.

ಮೊದಲು ಟೊಂಕದ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧ. ಭಟ್ಕಳದ ಬಂದರಿನಲ್ಲಿ, ಹೊನ್ನಾವರದಲ್ಲಿ, ಕುಮಟೆಯ ತದಡಿಯಲ್ಲಿ ಟ್ರಾಲ್ ಬೋಟುಗಳೂ ಪರ್ಸೀನ್ ಬೋಟುಗಳೂ ಅಷ್ಟು ದಿನ ಕದಲುವುದಿಲ್ಲ. ವಿನಾಯಿತಿ ಇರುವುದು ನಾಡದೋಣಿಗಳಿಗೆ, ಎಂದರೆ ಕೈದೋಣಿ ಮತ್ತು 10 ಅಶ್ವಶಕ್ತಿಯ ಒಳಗಿನ ಎಂಜಿನ್ ಕಟ್ಟಿದವಕ್ಕೆ. ನೈಋತ್ಯ ಮಾರುತದ ಗಾಳಿ ಜೋರಾಗಿ, ಮೀನುಗಾರರಿಗೆ ಎಚ್ಚರಿಕೆ ಅತಿ ಹೆಚ್ಚಾಗಿ ಹೊರಡುವುದೂ ಇದೇ ಎರಡು ತಿಂಗಳಲ್ಲಿ. ಅಂದರೆ ಸಂದೇಶಗಳ ರಾಶಿ ಬೀಳುವ ಕಾಲದಲ್ಲೇ ಅದನ್ನು ಪಡೆಯುವ ಬೋಟಿನವರ ಕೈಯಲ್ಲಿ ಮಾಡಲು ಏನೂ ಇರುವುದಿಲ್ಲ. ಅದೇ ಹೊತ್ತಿಗೆ ಅಳಿವೆ ದಾಟಿ ಹೋಗಿ ಬರುವ ನಾಡದೋಣಿಯವನಿಗೆ ಅದೇ ಸಂದೇಶ ಜೀವದ ಪ್ರಶ್ನೆ.

ಇದರಲ್ಲಿ ಇನ್ನೊಂದು ಕೊಂಕು ಇದೆ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಏಳುವುದು ಹೆಚ್ಚಾಗಿ ಮಾರುತಕ್ಕೆ ಮುಂಚೆ ಮತ್ತು ಆಮೇಲೆ. ಜುಲೈ, ಆಗಸ್ಟಿನಲ್ಲಿ ತೀರ ಕಡಿಮೆ. ಓಖಿ ಬಂದದ್ದು 2017ರ ನವೆಂಬರ್ ಕೊನೆಗೆ, ಕ್ಯಾರ್ 2019ರ ಅಕ್ಟೋಬರಿನಲ್ಲಿ, ತೌಕ್ತೆ 2021ರ ಮೇ ನಡುವಿಗೆ. ಮೂರೂ ಬಂದದ್ದು ಬೋಟುಗಳು ಕಡಲಲ್ಲಿರುವ ತಿಂಗಳುಗಳಲ್ಲಿ. ಅಕ್ಟೋಬರಿನ ಕಡಲು ನೋಡಲು ಶಾಂತ, ಆಕಾಶ ತೊಳೆದಿಟ್ಟ ಹಾಗೆ, ಮೀನಿಗೂ ಒಳ್ಳೆಯ ಕಾಲ. ಆಗ ಬರುವ ಒಂದೇ ಒಂದು ಎಚ್ಚರಿಕೆ ಜೂನಿನಲ್ಲಿ ಬಂದ ಹತ್ತಾರರ ದನಿಯಲ್ಲೇ, ಅದೇ ಒಕ್ಕಣೆಯಲ್ಲಿ, ಅದೇ ಸದ್ದಿನಲ್ಲಿ ಬಂದರೆ ಕಿವಿ ಅದನ್ನು ಬೇರೆ ಎಂದು ಹೇಗೆ ಗುರುತಿಸಬೇಕು? ಕೆಲಸವಿಲ್ಲದ ಕಾಲದಲ್ಲಿ ಕಲಿತ ಅಸಡ್ಡೆಗೆ ಬೆಲೆ ತೆರುವುದು ಕೆಲಸವಿರುವ ಕಾಲದಲ್ಲಿ.

ಕಾರ್ಖಾನೆಯವರು ಇಂಥ ಕಡೆ ಮಾಡುವುದು ಸರಳ. ಪಂಪು ನಿಂತಿದೆ ಎಂದು ಗೊತ್ತಿದ್ದಾಗ 'ಪಂಪಿನಲ್ಲಿ ಒತ್ತಡ ಇಲ್ಲ' ಎಂಬ ಅಲಾರಮ್ಮನ್ನು ತಡೆಹಿಡಿಯುತ್ತಾರೆ. ಇಲ್ಲಿಯೂ ದೂರವಾಣಿ ಪಟ್ಟಿಯನ್ನು ಎರಡಾಗಿ ಒಡೆದರೆ ಸಾಕು: ನಾಡದೋಣಿಯವರು, ಯಾಂತ್ರೀಕೃತ ಬೋಟಿನವರು. ಜೂನ್, ಜುಲೈನಲ್ಲಿ ಎರಡನೆಯವರಿಗೆ 'ಕಡಲಿಗೆ ಹೋಗಬೇಡಿ' ಎಂಬುದು ಹೋಗಬೇಕಿಲ್ಲ. ಹಾಗೆಂದು ಅವರ ಬಾಯಿಗೂ ಕಿವಿಗೂ ಪೂರ್ತಿ ಬೀಗ ಹಾಕಿದರೆ ತಪ್ಪಾಗುತ್ತದೆ. ಅಳಿವೆಯೊಳಗೆ ಕಟ್ಟಿದ ಬೋಟಿಗೂ ಒಂದು ಅಪಾಯವಿದೆ. ಘಟ್ಟದಲ್ಲಿ ಮಳೆ ಸುರಿದು ಶರಾವತಿಯೋ ಅಘನಾಶಿನಿಯೋ ಏರಿದಾಗ, ಅದೇ ಹೊತ್ತಿಗೆ ಉಬ್ಬರವೂ ಇದ್ದರೆ, ಹಗ್ಗ ಬಿಗಿದು ಹರಿಯುತ್ತದೆ, ಒಂದು ಬೋಟು ಬಿಡಿಸಿಕೊಂಡು ಸಾಲಿನ ಉಳಿದವನ್ನು ಗುದ್ದುತ್ತದೆ. ಗೇರುಸೊಪ್ಪೆಯಿಂದ ನೀರು ಬಿಡುವ ಸುದ್ದಿಯಲ್ಲಿ ಬೋಟಿನವನಿಗೆ ಒಂದು ಕೆಲಸವಿದೆ: ಸಂಜೆಯೊಳಗೆ ಇನ್ನೊಂದು ಹಗ್ಗ ಕಟ್ಟುವುದು. ಅದನ್ನು ಅವನಿಗೆ ತಲುಪಿಸಬೇಕು. ತಡೆಯಬೇಕಾದದ್ದು ಗಾಳಿಯ ಸಂದೇಶವನ್ನು, ಅವನ ಹೆಸರನ್ನಲ್ಲ.

ಎರಡನೆಯದು ಜಾಗದ ಪ್ರಶ್ನೆ. ಮಳೆಯ ಎಚ್ಚರಿಕೆ ನಮಗೆ ಬಣ್ಣದಲ್ಲಿ ಬರುತ್ತದೆ: ಹಸಿರು, ಹಳದಿ, ಕಿತ್ತಳೆ, ಕೆಂಪು. ಆದರೆ ಬಣ್ಣ ಬಳಿಯುವುದು ಜಿಲ್ಲೆಗೆ. ಉತ್ತರ ಕನ್ನಡದಲ್ಲಿ ಹನ್ನೆರಡು ತಾಲೂಕು. ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ ಕಡಲ ಅಂಚಿನವು. ಶಿರಸಿ, ಸಿದ್ದಾಪುರ, ಯಲ್ಲಾಪುರ ಘಟ್ಟದ ಮೇಲಿನವು. ಮುಂಡಗೋಡ, ಹಳಿಯಾಳ ಬಯಲಿಗೆ ಮುಖ ಮಾಡಿದವು. ಹವಾಮಾನ ಇಲಾಖೆಯ ನಕ್ಷೆಯಲ್ಲಿ ಹಳಿಯಾಳವೂ 'ಕರಾವಳಿ ಕರ್ನಾಟಕ'ವೇ. ಹೊನ್ನಾವರದಲ್ಲಿ ವರ್ಷಕ್ಕೆ ಬೀಳುವ ಮಳೆ ಅಲ್ಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಅಳತೆ ಮಾತ್ರ ಎಲ್ಲ ಕಡೆ ಒಂದೇ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ 'ಭಾರೀ', 115.6 ದಾಟಿದರೆ 'ಅತಿ ಭಾರೀ', 204.5 ದಾಟಿದರೆ 'ಅತ್ಯಂತ ಭಾರೀ'. ಹೊನ್ನಾವರದ ಜುಲೈ ತಿಂಗಳ ಮಳೆ ಹೆಚ್ಚುಕಡಿಮೆ ಸಾವಿರ ಮಿಲಿಮೀಟರ್. ದಿನಕ್ಕೆ ಸರಾಸರಿ ಮೂವತ್ತರ ಮೇಲಾಯಿತು. ಇಂಥಲ್ಲಿ 64.5 ಎಂಬುದು ಜೋರು ಮಳೆಯ ದಿನ, ಅಷ್ಟೇ. ಅಂದು ತೋಟದ ಬಸಿಗಾಲುವೆ ನೋಡಿ ಬರಬೇಕು, ಬೇರೇನಿಲ್ಲ. ಹಳಿಯಾಳದ ಹೊಲದಲ್ಲಿ ಅಷ್ಟೇ ಮಳೆ ಒಂದು ದಿನ ಬಿದ್ದರೆ ಒಡ್ಡು ಒಡೆಯಬಹುದು. ಒಂದೇ ಅಂಕಿ, ಎರಡು ನೆಲ.

ಇದರ ಮೇಲೆ 'ಅಲ್ಲಲ್ಲಿ' ಎಂಬ ಪದ. ಮುನ್ಸೂಚನೆಯ ಭಾಷೆಯಲ್ಲಿ ಅದಕ್ಕೂ ಅಳತೆ ಇದೆ: ಜಿಲ್ಲೆಯ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದೊಳಗೆ ಬಿದ್ದರೆ ಅದು ಅಲ್ಲಲ್ಲಿ. ಈ ಮಾತು ಎಷ್ಟು ಸುಲಭವಾಗಿ ನಿಜವಾಗುತ್ತದೆ ಎಂಬುದನ್ನು ಒಂದು ಊಹೆಯ ಲೆಕ್ಕದಿಂದ ನೋಡೋಣ. ಜುಲೈನ ಒಂದು ದಿನ ಯಾವುದೇ ಒಂದು ತಾಲೂಕಿನಲ್ಲಿ ಭಾರೀ ಮಳೆ ಬೀಳುವ ಸಾಧ್ಯತೆ ಐದರಲ್ಲಿ ಒಂದು ಎಂದಿಟ್ಟುಕೊಳ್ಳಿ. ಬೀಳದೆ ಇರುವ ಸಾಧ್ಯತೆ 0.8. ಹನ್ನೆರಡೂ ತಾಲೂಕುಗಳಲ್ಲಿ ಎಲ್ಲೂ ಬೀಳದಿರುವ ಸಾಧ್ಯತೆ ಬೇಕಾದರೆ 0.8ನ್ನು ಹನ್ನೆರಡು ಸಲ ಗುಣಿಸಬೇಕು, ಬರುವುದು 0.07ರಷ್ಟು. ಅಂದರೆ 'ಉತ್ತರ ಕನ್ನಡದಲ್ಲಿ ಅಲ್ಲಲ್ಲಿ ಭಾರೀ ಮಳೆ' ಎಂದು ಕಣ್ಣು ಮುಚ್ಚಿ ಹೇಳಿದರೂ ನೂರರಲ್ಲಿ ತೊಂಬತ್ತಮೂರು ದಿನ ನಿಜವಾಗುತ್ತದೆ. ಆದರೆ ಕುಮಟೆಯ ಬಾಡದಲ್ಲೋ ಧಾರೇಶ್ವರದಲ್ಲೋ ಕೂತವನ ತಲೆಯ ಮೇಲೆ ಅದು ನಿಜವಾಗುವುದು ನೂರರಲ್ಲಿ ಇಪ್ಪತ್ತೇ ದಿನ. ಪಕ್ಕಪಕ್ಕದ ತಾಲೂಕುಗಳಲ್ಲಿ ಮಳೆ ಒಟ್ಟಿಗೇ ಬರುವುದರಿಂದ ನಿಜವಾದ ಅಂಕಿ ತೊಂಬತ್ತಮೂರಕ್ಕಿಂತ ಕಡಿಮೆ ಇರುತ್ತದೆ. ಅಂತರ ಮಾತ್ರ ಅಳಿಯುವುದಿಲ್ಲ. ಹೇಳುವವನಿಗೆ ಸದಾ ನಿಜ, ಕೇಳುವವನಿಗೆ ಆಗಾಗ ನಿಜ.

ಹೀಗಾಗಿ ಜನ ಬಣ್ಣಕ್ಕೆ ತಮ್ಮದೇ ಅರ್ಥ ಕಟ್ಟಿಕೊಂಡಿದ್ದಾರೆ. ಕೆಂಪು ಅಥವಾ ಕಿತ್ತಳೆ ಎಂದು ಕೇಳಿದ ತಕ್ಷಣ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು "ನಾಳೆ ಶಾಲೆಗೆ ರಜೆಯಾ?" ಎಂಬುದು. ಇದನ್ನು ತಮಾಷೆ ಎಂದು ತಳ್ಳಿಹಾಕಬಾರದು. ಇಡೀ ಎಚ್ಚರಿಕೆಯಲ್ಲಿ ಒಂದು ಸ್ಪಷ್ಟ ಕೆಲಸಕ್ಕೆ ಜೋಡಿಕೊಂಡಿರುವುದು ರಜೆ ಮಾತ್ರ, ಹಾಗಾಗಿ ಜನ ಅದನ್ನೇ ಹಿಡಿದುಕೊಂಡರು. ನನ್ನ ದೃಷ್ಟಿಯಲ್ಲಿ ಅವರು ಸರಿಯಾಗಿಯೇ ಓದುತ್ತಿದ್ದಾರೆ.

ಅಮೆರಿಕದ ಹವಾಮಾನ ಸೇವೆ 2007ರ ಅಕ್ಟೋಬರ್ 1ರಿಂದ ಸುಂಟರಗಾಳಿಯ ಎಚ್ಚರಿಕೆಯನ್ನು ಇಡೀ ಕೌಂಟಿಗೆ ಕೊಡುವುದನ್ನು ಬಿಟ್ಟು, ಬಿರುಗಾಳಿ ಸಾಗುವ ದಾರಿಯ ಸುತ್ತ ಬಹುಭುಜ ಎಳೆದು ಅದರೊಳಗಿನವರಿಗೆ ಮಾತ್ರ ಕೊಡತೊಡಗಿತು. ಆಡಳಿತದ ಗಡಿಗೂ ಗಾಳಿಯ ಗಡಿಗೂ ಸಂಬಂಧವಿಲ್ಲ ಎಂದು ಒಪ್ಪಿಕೊಂಡದ್ದೇ ಅಲ್ಲಿಯ ಮುಖ್ಯ ಹೆಜ್ಜೆ. ನಮ್ಮಲ್ಲೂ ಇಂದು ನಿರ್ದಿಷ್ಟ ಟವರುಗಳ ವ್ಯಾಪ್ತಿಯ ಫೋನುಗಳಿಗೆ ಮಾತ್ರ ಸಂದೇಶ ಕಳಿಸುವ ತಂತ್ರ ಇದೆ. 2023ರಲ್ಲಿ ಅದರ ಪರೀಕ್ಷೆ ನಡೆದಾಗ ಎಲ್ಲರ ಫೋನೂ ಒಟ್ಟಿಗೆ ಕಿರುಚಿದ್ದು ಹಲವರಿಗೆ ನೆನಪಿರಬಹುದು. ಟವರಿನಷ್ಟು ಸಣ್ಣ ಜಾಗಕ್ಕೆ ಕಳಿಸುವ ಶಕ್ತಿ ಇದ್ದೂ ಜಿಲ್ಲೆಯಷ್ಟು ದೊಡ್ಡ ಮಾತನ್ನೇ ಕಳಿಸಿದರೆ ತಂತ್ರದಿಂದ ಆದ ಲಾಭ ಸದ್ದು ಹೆಚ್ಚಿದ್ದು ಮಾತ್ರ.

ಮೂರನೆಯದು ಪುನರಾವರ್ತನೆ. ಇದಕ್ಕೆ ಬಂದರಿನ ಕಂಬವೇ ಒಳ್ಳೆಯ ಪಾಠ. ಭಾರತದಲ್ಲಿ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕೊಡುವ ಪದ್ಧತಿ ಶುರುವಾದದ್ದು 1865ರಲ್ಲಿ ಕಲ್ಕತ್ತೆಯಿಂದ, ಅದರ ಹಿಂದಿನ ವರ್ಷದ ಭೀಕರ ಚಂಡಮಾರುತದ ಬಳಿಕ. ಇಂದಿಗೂ 1ರಿಂದ 11ರವರೆಗಿನ ಸಂಕೇತಗಳಿವೆ, ಹಗಲು ಒಂದು ಗುರುತು, ರಾತ್ರಿ ದೀಪಗಳು. ಮಳೆಗಾಲದಲ್ಲಿ ನಮ್ಮ ಕಡೆ ಕೇಳಿಬರುವುದು 3ನೆಯ ಸಂಕೇತ, ಬಂದರಿಗೆ ಬಿರುಗಾಳಿಯ ಹವೆ ತಾಗಬಹುದು ಎಂದು ಅದರ ಅರ್ಥ. ಈ ಪದ್ಧತಿಯ ಸೊಗಸು ನೋಡಿ: ಸಂಕೇತ ಏರಿಸಿದರೆ ಇಳಿಸುವವರೆಗೆ ಅದು ಅಲ್ಲೇ ಇರುತ್ತದೆ. ಹೋಗುವವನು ಕತ್ತೆತ್ತಿ ನೋಡಿದರೆ ತಿಳಿಯುತ್ತದೆ, ನೋಡದವನನ್ನು ಅದು ಎಳೆದು ನಿಲ್ಲಿಸುವುದಿಲ್ಲ. ಅದು ಸ್ಥಿತಿಯನ್ನು ತೋರಿಸುತ್ತದೆ. ಫೋನಿನ ಸಂದೇಶ ಘಟನೆಯಂತೆ ಬಡಿಯುತ್ತದೆ. ಹತ್ತು ದಿನ ಬದಲಾಗದೆ ಇರುವ ಸ್ಥಿತಿಯನ್ನು ಹತ್ತು ಘಟನೆಗಳಾಗಿ ಒಡೆದು ಕಳಿಸುವುದರಿಂದಲೇ ಅರ್ಧ ದಣಿವು ಹುಟ್ಟುತ್ತದೆ. ಏರಿಸಿದಾಗ ಒಮ್ಮೆ, ಇಳಿಸಿದಾಗ ಒಮ್ಮೆ ಸದ್ದು ಮಾಡಿ, ನಡುವೆ ಕಂಬದ ಹಾಗೆ ಸುಮ್ಮನೆ ನಿಲ್ಲುವ ಸಂದೇಶ ಬೇಕು. ಇಳಿಸಿದ್ದನ್ನು ಹೇಳದೆ ಬಿಡುವುದು ಇನ್ನೊಂದು ರೋಗ. ನಿನ್ನೆಯ ಎಚ್ಚರಿಕೆ ಇಂದಿಗೂ ಇದೆಯೋ ಇಲ್ಲವೋ ತಿಳಿಯದಿದ್ದಾಗ ನಾಡದೋಣಿಯವನು ತನ್ನ ಕಣ್ಣನ್ನು ನಂಬುತ್ತಾನೆ, ಮುಂದೆ ಯಾವಾಗಲೂ ಅದನ್ನೇ ನಂಬುತ್ತಾನೆ.

ಏರಿಸುವುದು ಇಳಿಸುವುದು ಎಂದೊಡನೆ ಗಡಿಯ ಮೇಲೆ ಹೊಯ್ದಾಡುವ ದಿನಗಳ ತೊಂದರೆ ಎದುರಾಗುತ್ತದೆ. ಒಂಬತ್ತು ಪ್ರಕಟಣೆಗಳಲ್ಲಿ ಸಾಲಾಗಿ ಗಾಳಿಯ ಮುನ್ಸೂಚನೆ 42, 46, 43, 47, 44, 41, 38, 34, 33 ಎಂದು ಬಂತು ಎಂದುಕೊಳ್ಳಿ, ಅಂಕಿಗಳು ಉದಾಹರಣೆಗಷ್ಟೇ. 45 ಎಂಬ ಒಂದೇ ಗೆರೆ ಇದ್ದರೆ ಎರಡನೆಯದರಲ್ಲಿ ಹೋಗಬೇಡಿ, ಮೂರನೆಯದರಲ್ಲಿ ಹೋಗಬಹುದು, ನಾಲ್ಕನೆಯದರಲ್ಲಿ ಮತ್ತೆ ಹೋಗಬೇಡಿ, ಐದನೆಯದರಲ್ಲಿ ಮತ್ತೆ ಹೋಗಬಹುದು. ನಾಲ್ಕು ಸಲ ಮಾತು ಬದಲಾಯಿತು. ಕಡಲಂತೂ ಅಷ್ಟು ಹೊತ್ತೂ ಒಂದೇ ಥರ ಇತ್ತು. ಇದಕ್ಕೆ ಎರಡು ಗೆರೆ ಎಳೆಯುತ್ತಾರೆ. 45 ಮುಟ್ಟಿದರೆ ಏರಿಸು, ಸತತ ಎರಡು ಪ್ರಕಟಣೆಗಳಲ್ಲಿ 35ರ ಕೆಳಗೆ ಬಂದರೆ ಮಾತ್ರ ಇಳಿಸು. ಆಗ ಎರಡನೆಯದರಲ್ಲಿ ಏರಿದ್ದು ಒಂಬತ್ತನೆಯದರಲ್ಲಿ ಇಳಿಯುತ್ತದೆ, ಎರಡೇ ಸದ್ದು.

ಆದರೆ ಇದು ಪುಕ್ಕಟೆಯಲ್ಲ. ನಡುವಿನ 43, 44, 41, 38, 34ರ ಹೊತ್ತುಗಳಲ್ಲೂ ನಾಡದೋಣಿ ದಡದಲ್ಲೇ ಉಳಿಯಿತು. ಟ್ರಾಲ್ ಬೋಟುಗಳಿಲ್ಲದ ಈ ಎರಡು ತಿಂಗಳೇ ಅವರಿಗೆ ನಾಲ್ಕು ಕಾಸು ಕಾಣುವ ಕಾಲ, ಮೀನಿಗೆ ಬೆಲೆಯೂ ಇರುತ್ತದೆ. ಕೆಳಗಿನ ಗೆರೆಯನ್ನು 35ರ ಬದಲು 40ಕ್ಕೆ ಏರಿಸಿದರೆ 38, 34 ಬಂದ ಕೂಡಲೇ ಇಳಿಸಬಹುದು, ಒಂದು ಪ್ರಕಟಣೆಯಷ್ಟು ಮುಂಚೆ ದೋಣಿ ನೀರಿಗೆ ಬೀಳುತ್ತದೆ. ಈ ಐದು ಕಿಲೋಮೀಟರಿನ ತೀರ್ಮಾನವನ್ನು ಕಚೇರಿಯಲ್ಲಿ ಕೂತು ಮಾಡುವುದು ತಪ್ಪು. ಅಳಿವೆಯ ಬಾಯಲ್ಲಿ ಮರಳ ದಿಣ್ಣೆ ಎಲ್ಲಿದೆ, ಇಳಿತದಲ್ಲಿ ತೆರೆ ಎಲ್ಲಿ ಒಡೆಯುತ್ತದೆ ಎಂಬುದು ಹೊನ್ನಾವರಕ್ಕೂ ತದಡಿಗೂ ಬೇರೆ ಬೇರೆ, ಅದು ಗೊತ್ತಿರುವುದು ಅಲ್ಲಿಯ ದೋಣಿಯವರಿಗೆ.

ಇಷ್ಟೆಲ್ಲ ಕಡಿಮೆ ಮಾಡುವ ಮಾತಾಯಿತು. ಕಡಿಮೆ ಮಾಡುವುದಷ್ಟೇ ಉದ್ದೇಶವಾದರೆ ಎಲ್ಲದರ ಬಾಯಿ ಮುಚ್ಚಿಸಿ ಕೂರಬಹುದು. ಎಚ್ಚರಿಕೆಗಳನ್ನು ಹೊಂದಿಸುವ ಕೆಲಸದ ಇನ್ನರ್ಧ, ಕೂಗಲೇಬೇಕಾದದ್ದು ಕೂಗುತ್ತಿದೆಯೇ ಎಂದು ನೋಡುವುದು. ಅದಕ್ಕೆ ಭಟ್ಕಳದ 2022ರ ಆಗಸ್ಟ್ ಮೊದಲ ದಿನಗಳಿಗಿಂತ ಕಹಿಯಾದ ಉದಾಹರಣೆ ಈ ಭಾಗದಲ್ಲಿ ಬೇರೆ ಬೇಕಿಲ್ಲ. ಆಗಸ್ಟ್ 1ರ ರಾತ್ರಿ ಹಿಡಿದ ಮಳೆ ಮರುದಿನ ಬೆಳಗಿನ ಹೊತ್ತಿಗೆ 500 ಮಿಲಿಮೀಟರ್ ದಾಟಿತ್ತು. ಪೇಟೆ ಮುಳುಗಿತು, ಹೆದ್ದಾರಿ ಹೊಳೆಯಾಯಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಮನೆಯೊಂದರ ಮೇಲೆ ಬಿದ್ದು ನಾಲ್ವರು ತೀರಿಕೊಂಡರು. 'ಅತ್ಯಂತ ಭಾರೀ' ಎಂಬ ಕೊನೆಯ ಮೆಟ್ಟಿಲಿನ ಎರಡೂವರೆ ಪಟ್ಟು ಮಳೆ ಅದು. 205 ಬಿದ್ದರೂ 500 ಬಿದ್ದರೂ ಹೆಸರು ಒಂದೇ, ಬಣ್ಣ ಒಂದೇ. ಮೆಟ್ಟಿಲುಗಳೆಲ್ಲ ಕೆಳಗೇ ಮುಗಿದುಹೋಗಿವೆ.

ಇಂಥ ಮಳೆಗೆ ಹಿಂದಿನ ದಿನದ ಬಣ್ಣ ಸಾಲದು. ರಾತ್ರಿ ಅದು ಬೀಳುತ್ತಿರುವಾಗಲೇ ತಿಳಿಯಬೇಕು. ಆ ಉಪಕರಣ ನಮ್ಮಲ್ಲಿದೆ: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೂರಿಸಿರುವ, 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವ ಮಳೆಮಾಪಕಗಳು. ಪಂಚಾಯಿತಿಯ ಮಾಪಕದಲ್ಲಿ ಕಳೆದ ಮೂರು ಗಂಟೆಯ ಮೊತ್ತ ಇಷ್ಟು ದಾಟಿದರೆ, ಮತ್ತು ಕಳೆದ ಕೆಲವು ದಿನಗಳ ಮಳೆಯಿಂದ ಮಣ್ಣು ಆಗಲೇ ತೊಯ್ದಿದ್ದರೆ, ಆಗ ಕೂಗಬೇಕು. ಎರಡು ಷರತ್ತೂ ಸೇರಬೇಕು. ಜೂನ್ ಮೊದಲ ವಾರದ ಒಣ ಗುಡ್ಡ 150 ಮಿಲಿಮೀಟರನ್ನು ಕುಡಿದುಬಿಡಬಹುದು, ಜುಲೈ ಕೊನೆಯ ಗುಡ್ಡ ಅದರ ಅರ್ಧಕ್ಕೇ ಜಾರಬಹುದು. 'ಇಷ್ಟು' ಎಂಬ ಆ ಅಂಕಿಯನ್ನು ಹಿಂದಿನ ಕುಸಿತಗಳ ದಿನಾಂಕ ಹಿಡಿದು, ಆ ದಿನ ಹತ್ತಿರದ ಮಾಪಕ ಏನು ತೋರಿಸಿತ್ತು ಎಂದು ಹಿಂದಕ್ಕೆ ಹೋಗಿ ನೋಡಿ ಕಂಡುಕೊಳ್ಳಬೇಕು. ಕುಸಿಯದ ಜೋರು ಮಳೆಯ ದಿನಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು, ಇಲ್ಲದಿದ್ದರೆ ಗೆರೆ ತೀರ ಕೆಳಗೆ ಬಿದ್ದು ಮತ್ತೆ ಗದ್ದಲವಾಗುತ್ತದೆ. ಕೂಗು ಹೋಗಬೇಕಾದದ್ದು ಇಡೀ ತಾಲೂಕಿಗಲ್ಲ. ಧರೆ ಕಡಿದು ಅದರ ಬುಡದಲ್ಲಿ ಕಟ್ಟಿದ ಮನೆಗಳ ಪಟ್ಟಿ ಪ್ರತಿ ಪಂಚಾಯಿತಿಯಲ್ಲೂ ಮಾಡಬಹುದಾದದ್ದು. ಆ ಮನೆಗಳಿಗೆ, ಅವರ ಊರಿನ ಹೆಸರು ಹೇಳಿ, ಯಾವ ಶಾಲೆಗೆ ಹೋಗಬೇಕು, ಅದರ ಕೀಲಿ ಯಾರ ಹತ್ತಿರ ಇದೆ ಎಂದು ಹೇಳಿ. ರಾತ್ರಿ ಎರಡು ಗಂಟೆಗೆ ಬರುವ ಲಿಖಿತ ಸಂದೇಶವನ್ನು ಯಾರೂ ಓದುವುದಿಲ್ಲವಾದ್ದರಿಂದ ಇದು ಫೋನು ಕರೆಯಾಗಿರಬೇಕು, ಅಥವಾ ಬಾಗಿಲು ಬಡಿಯುವ ಮನುಷ್ಯನಾಗಿರಬೇಕು.

ಇಲ್ಲೊಂದು ಬಲೆ ಇದೆ. ಮಾಪಕದ ಬಾಯಿಗೆ ಎಲೆ ಕೂತರೆ, ಬ್ಯಾಟರಿ ಸತ್ತರೆ, ಟವರು ಬಿದ್ದರೆ ಅಂಕಿ ಬರುವುದಿಲ್ಲ ಅಥವಾ ಸೊನ್ನೆ ಬರುತ್ತದೆ. ಮೌನವೂ ಸೊನ್ನೆಯೂ ಒಣ ರಾತ್ರಿಯ ಹಾಗೇ ಕಾಣುತ್ತವೆ. ಎಲ್ಲ ಸರಿಯಿದೆ ಎಂದು ಮಾಪಕದಿಂದ ದಿನಾ ಒಂದು ಸಂದೇಶ ತರಿಸಿಕೊಳ್ಳುವುದು ಹಲವು ಕಡೆ ಕಾಣುವ ಪರಿಹಾರ, ಅದು ಕೆಲಸವಿಲ್ಲದ ಸಂದೇಶಕ್ಕೆ ಇನ್ನೊಂದನ್ನು ಸೇರಿಸಿದಂತೆ. ಅದು ಬಾರದೆ ಹೋದ ದಿನ ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಬಾರದ್ದನ್ನು ಓದುವವರಿಲ್ಲ. ತಿರುಗಿಸಿ ಕೇಳಬೇಕು: 45 ನಿಮಿಷ ಅಂಕಿ ಬಾರದಿದ್ದರೆ ಆಗ ಕೂಗು. ಸೊನ್ನೆಯ ಮಟ್ಟಿಗೆ ನೆರೆಯ ಮಾಪಕಗಳೇ ಸಾಕ್ಷಿ. ಸುತ್ತಲಿನ ಮೂರು ಪಂಚಾಯಿತಿಗಳಲ್ಲಿ ಗಂಟೆಗೆ 40 ಬೀಳುತ್ತಿದ್ದು ನಡುವಿನ ಒಂದರಲ್ಲಿ ಮಾತ್ರ ಏನೂ ಇಲ್ಲವೆಂದರೆ ಅಲ್ಲಿ ಮಳೆ ಇಲ್ಲವೆಂದಲ್ಲ, ಎಲೆ ಇದೆ ಎಂದು ಅರ್ಥ. ಈ ಕೂಗು ಜನರಿಗೆ ಹೋಗಬಾರದು. ಮಾಪಕ ನೋಡಿಕೊಳ್ಳುವವನಿಗೆ ಹೋಗಬೇಕು, ಅವನಿಗೆ ಅದು ಕೆಲಸ.

ಹೊಂದಿಸಿದ್ದು ಸರಿಹೋಯಿತೇ ಎಂದು ತಿಳಿಯಲು ಬಹಳ ಸಲಕರಣೆ ಬೇಕಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಸಂದೇಶ ಬಂದ ಹೊತ್ತು, ಅದು ಹೇಳಿದ್ದೇನು, ಪಡೆದವನು ಅದರಿಂದಾಗಿ ಬೇರೆ ಏನು ಮಾಡಿದ ಎಂದು ಮೂರು ಕಾಲಂ ಸಾಕು. ಮೂರನೆಯ ಕಾಲಂ ಖಾಲಿ ಬಿಟ್ಟ ಸಾಲುಗಳು ಯಾವ ಬಗೆಯ ಸಂದೇಶದಲ್ಲಿ ಗುಂಪಾಗಿವೆ ಎಂಬುದು ಒಂದು ಮಳೆಗಾಲದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಪುಸ್ತಕದ ಹಿಂಬದಿಯಿಂದ ಇನ್ನೊಂದು ಪಟ್ಟಿ ಬರೆಯಬೇಕು: ಕೆಲಸ ಮಾಡಬೇಕಾಗಿ ಬಂದು, ಸಂದೇಶ ಬಾರದ ದಿನಗಳು. ಈ ಎರಡನೆಯ ಪಟ್ಟಿಯನ್ನು ಇಟ್ಟವರು ಕಡಿಮೆ. ಸಂದೇಶ ಕಳಿಸುವವರ ಕಡೆಯಿಂದ ನೋಡಿದರೆ ಕಾರಣ ಅರ್ಥವಾಗುತ್ತದೆ: ಹೆಚ್ಚಿಗೆ ಕಳಿಸಿದ್ದಕ್ಕೆ ಯಾರನ್ನೂ ವಿಚಾರಣೆಗೆ ಕರೆಯುವುದಿಲ್ಲ, ಒಂದನ್ನು ಕಳಿಸದೆ ಬಿಟ್ಟಿದ್ದಕ್ಕೆ ಕರೆಯುತ್ತಾರೆ. ಹಾಗಿರುವಾಗ ಅನುಮಾನ ಬಂದಾಗೆಲ್ಲ ಕಳಿಸಿಬಿಡುವುದೇ ಅವರಿಗೆ ಸುರಕ್ಷಿತ. ದಣಿವಿನ ಬೇರು ಹಳ್ಳಿಯವರ ಅಸಡ್ಡೆಯಲ್ಲಿಲ್ಲ, ಈ ಲೆಕ್ಕದಲ್ಲಿದೆ.

ಜುಲೈ ಕೊನೆಯ ದಿನ ಮತ್ತೆ ಟೊಂಕಕ್ಕೆ ಹೋಗಿದ್ದೆ. ತಾಡಪಾಲು ತೆಗೆದಿದ್ದರು, ಬೋಟಿಗೆ ಡೀಸೆಲ್ ಏರುತ್ತಿತ್ತು, ಐಸ್ ಗಾಡಿ ಬಂದು ನಿಂತಿತ್ತು. ಪಟ್ಟಿ ಒಡೆಯುವ ನನ್ನ ಯೋಚನೆಯನ್ನು ಆ ತಂಡೇಲರಿಗೆ ಹೇಳಿದೆ: ನಿಷೇಧದ ಕಾಲದಲ್ಲಿ ನಿಮಗೆ ಗಾಳಿಯ ಸಂದೇಶ ಬರುವುದಿಲ್ಲ, ಆಗಸ್ಟ್ 1ಕ್ಕೆ ಮತ್ತೆ ಶುರು. ಅವರು ಒಪ್ಪಿದರು, ಆಮೇಲೆ ಕೇಳಿದರು, "ಮತ್ತೆ ಶುರು ಮಾಡೂಕೆ ಯಾರಿಗೆ ನೆನಪಿರ್ತದೆ?" ನಾನು ಉತ್ತರಿಸುವ ಮೊದಲೇ ತಮ್ಮ ಫೋನು ತೆಗೆದು ತೋರಿಸಿದರು. ಜೂನಿನಲ್ಲಿ ಕಿರಿಕಿರಿಯಾಗಿ ಆ ನಂಬರಿನ ಸದ್ದನ್ನು ಮಗನ ಹತ್ತಿರ ಬಂದ್ ಮಾಡಿಸಿದ್ದರಂತೆ. ನಾಳೆ ಬೆಳಗ್ಗೆ ಕಡಲಿಗೆ ಹೊರಡುವವರು, ಸದ್ದು ಇನ್ನೂ ಬಂದ್ ಆಗಿಯೇ ಇತ್ತು. ತಡೆಹಿಡಿದದ್ದು ತಾನಾಗಿ ಬಿಚ್ಚಿಕೊಳ್ಳುವ ದಿನಾಂಕವನ್ನು ತಡೆಯುವಾಗಲೇ ಬರೆದಿಡಬೇಕು ಎಂಬ ಸಾಲನ್ನು ಅಲ್ಲಿಯೇ ನೋಟ್‌ಬುಕ್ಕಿಗೆ ಸೇರಿಸಿಕೊಂಡೆ. ಸದ್ದು ಮತ್ತೆ ತೆರೆಯುವುದು ಹೇಗೆಂದು ನಮ್ಮಿಬ್ಬರಿಗೂ ಗೊತ್ತಾಗದೆ ಅವರ ಮಗನನ್ನು ಕೂಗಿ ಕರೆಯಬೇಕಾಯಿತು.